ಅಕ್ಕಿ ಡಬ್ಬಿ, ಗ್ಲುಕೋಮೀಟರ್ ಮತ್ತು ನಿದ್ದೆಯಲ್ಲಿನ ನಾಡಿ

ಆಕೆ ನನ್ನ ಬಳಿ ಬಂದಾಗ ಹೆರಿಗೆಯಾಗಿ ಹತ್ತೊಂಬತ್ತು ವಾರಗಳಾಗಿದ್ದವು. ವಯಸ್ಸು 31, ಚೊಚ್ಚಲ ಬಾಣಂತಿ, ಮನೆ ರಾಜಾಜಿನಗರದಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಮಗುವನ್ನು ಗಂಡ ಎತ್ತಿಕೊಂಡಿದ್ದರು, ಕಡತಗಳನ್ನು ಅತ್ತೆ ಹಿಡಿದುಕೊಂಡಿದ್ದರು. ಆಕೆ ಮೆಟ್ಟಿಲ ಕಂಬಿ ಹಿಡಿದು ನಿಂತೇ ಎರಡು ನಿಮಿಷ ಸುಧಾರಿಸಿಕೊಂಡು ಒಳಗೆ ಬಂದರು. ಕುಳಿತ ಕೂಡಲೇ ಹೇಳಿದ ಮೊದಲ ಮಾತು, “ಡಾಕ್ಟರೇ, ನನಗೆ ಆತಂಕದ ಕಾಯಿಲೆ ಇದೆ. ಮಾತ್ರೆ ನಡೆಯುತ್ತಿದೆ. ಆದರೂ ಎದೆ ಹೊಡೆದುಕೊಳ್ಳುವುದು ನಿಂತಿಲ್ಲ.”

ಇದು ಶುರುವಾದದ್ದು ಮಗುವಿಗೆ ಹದಿನಾಲ್ಕನೆಯ ವಾರದ ಲಸಿಕೆ ಹಾಕಿಸಲು ಹೋದ ದಿನ. ಸಾಲಿನಲ್ಲಿ ನಿಂತಿದ್ದಾಗ ಎದೆ ಡವಡವ ಎಂದಿತು, ಕೈ ನಡುಗಿತು, ಬೆವರು ಬಂತು, ಕಣ್ಣು ಕತ್ತಲಾಯಿತು. ಯಾರೋ ಹಣ್ಣಿನ ರಸ ಕುಡಿಸಿ ಕೂರಿಸಿದರು. ಹತ್ತು ನಿಮಿಷದಲ್ಲಿ ಸರಿಹೋಯಿತು. ಆಮೇಲೆ ವಾರಕ್ಕೆ ನಾಲ್ಕೈದು ಸಲ ಹೀಗಾಗತೊಡಗಿತು. ರಾತ್ರಿ ಮಗು ಮಲಗಿದರೂ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ಒಬ್ಬ ವೈದ್ಯರು ಪ್ಯಾನಿಕ್ ಅಟ್ಯಾಕ್ ಎಂದು ಎಸಿಟಲೋಪ್ರಾಮ್ ಬರೆದುಕೊಟ್ಟಿದ್ದರು. ತೆಗೆದುಕೊಳ್ಳಲು ಶುರುಮಾಡಿ ನಾಲ್ಕು ವಾರವಾಗಿತ್ತು. ಆ ವೈದ್ಯರದು ದೊಡ್ಡ ತಪ್ಪು ಎಂದು ನಾನು ಹೇಳಲಾರೆ. ಹೊಸ ತಾಯಂದಿರಲ್ಲಿ ಆತಂಕ ಅಪರೂಪವಲ್ಲ, ಆಕೆಯ ವಿವರಣೆಯೂ ಅದಕ್ಕೆ ಹೊಂದುವಂತೆಯೇ ಇತ್ತು. ಆದರೆ ಒಂದೇ ಒಂದು ರಕ್ತಪರೀಕ್ಷೆಯೂ ಆಗಿರಲಿಲ್ಲ. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ನನಗೆ ಮೊದಲು ಅನುಮಾನ ತಂದದ್ದು ಆಕೆಯ ಅಂಗೈ. ಗಾಬರಿಯಾದವರ ಕೈ ಸಾಮಾನ್ಯವಾಗಿ ತಣ್ಣಗಿದ್ದು ಬೆವರಿರುತ್ತದೆ. ಆಕೆಯ ಕೈ ಬೆಚ್ಚಗಿದ್ದು ಬೆವರಿತ್ತು. ಚಾಚಿದ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರೆ ಅದರ ಅಂಚು ಸಣ್ಣಗೆ ಕಂಪಿಸುತ್ತಿತ್ತು. ಕುಳಿತು ಹದಿನೈದು ನಿಮಿಷವಾದ ಮೇಲೂ ನಾಡಿ ನಿಮಿಷಕ್ಕೆ 108. ತವರಿನ ಬಾಣಂತನದಲ್ಲಿ ತುಪ್ಪ, ಅಂಟಿನುಂಡೆ ಎಲ್ಲವನ್ನೂ ತಿಂದಿದ್ದರೂ ಐದು ಕಿಲೋ ತೂಕ ಇಳಿದಿತ್ತು. ಆತಂಕದಲ್ಲಿಯೂ ತೂಕ ಇಳಿಯಬಹುದು, ಆದರೆ ಆಗ ಹಸಿವೂ ಸಾಮಾನ್ಯವಾಗಿ ಇಂಗಿಹೋಗುತ್ತದೆ. ಈಕೆಗೆ ಹಸಿವು ಚೆನ್ನಾಗಿಯೇ ಇತ್ತು.

ಅವರ ಗಂಡನಿಗೆ ಒಂದು ಕೆಲಸ ಹೇಳಿದೆ. ಹೆಂಡತಿ ಗಾಢ ನಿದ್ದೆಯಲ್ಲಿರುವಾಗ ಎಚ್ಚರಿಸದೆ ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ, ಮೂರು ರಾತ್ರಿ. ಖರ್ಚಿಲ್ಲದ ಈ ಪರೀಕ್ಷೆಯ ಮೇಲೆ ನನಗೆ ಬಹಳ ನಂಬಿಕೆ. ಮನಸ್ಸಿನ ಗಾಬರಿಯಿಂದ ಓಡುವ ಹೃದಯ, ಮನಸ್ಸು ಮಲಗಿದಾಗ ತಾನೂ ನಿಧಾನವಾಗುತ್ತದೆ. ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದ್ದರೆ ಅಥವಾ ರಕ್ತ ತೀರಾ ಕಡಿಮೆಯಿದ್ದರೆ ನಿದ್ದೆಯಲ್ಲಿಯೂ ಅದಕ್ಕೆ ಬಿಡುವಿಲ್ಲ. ಅವರು ತಂದ ಅಂಕಿಗಳು 98, 94, 96.

ಅದಕ್ಕೂ ಮೊದಲು, ಅಂದೇ, ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ್ದೆ. ಬಿಳಿಚಿಕೊಂಡಿತ್ತು. ಮನೆಯವರ ಮುಂದೆ ಕೇಳಿದರೆ ಸರಿಯಾದ ಉತ್ತರ ಬರುವುದಿಲ್ಲವೆಂದು ಅತ್ತೆಯನ್ನೂ ಗಂಡನನ್ನೂ ಹೊರಗೆ ಕೂರಿಸಿ ಕೇಳಿದೆ, “ಆಹಾರವಲ್ಲದ್ದು ಏನಾದರೂ ತಿನ್ನಬೇಕು ಅನ್ನಿಸುತ್ತದೆಯೇ? ಬಳಪ, ಮಣ್ಣು, ಐಸ್?” ಆಕೆ ತಲೆ ತಗ್ಗಿಸಿದರು. “ಹಸಿ ಅಕ್ಕಿ. ದಿನಕ್ಕೆ ಒಂದು ಲೋಟದಷ್ಟು ಆಗಬಹುದು. ಯಾರಿಗೂ ಗೊತ್ತಿಲ್ಲ.” ಹಸಿ ಅಕ್ಕಿ, ಬಳಪ, ಐಸ್ ಇವುಗಳ ಮೇಲೆ ತಡೆಯಲಾಗದ ಆಸೆ ಹುಟ್ಟುವುದು ಕಬ್ಬಿಣಾಂಶದ ಕೊರತೆಯ ಹಳೆಯ ಗುರುತು. ನಾಚಿಕೆಯಿಂದ ಹೆಂಗಸರು ತಾವಾಗಿ ಹೇಳುವುದಿಲ್ಲ, ನಾವು ವೈದ್ಯರು ಕೇಳುವುದೂ ಕಡಿಮೆ.

ಹೆರಿಗೆಯ ಸಮಯದಲ್ಲಿ ರಕ್ತಸ್ರಾವ ಹೆಚ್ಚಾಗಿತ್ತು. ಮನೆಗೆ ಕಳಿಸುವಾಗ ಹಿಮೋಗ್ಲೋಬಿನ್ 9.6 ಇತ್ತು ಎಂದು ಬಿಡುಗಡೆಯ ಚೀಟಿಯಲ್ಲಿಯೇ ಬರೆದಿತ್ತು. ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟಿದ್ದರು. ನಮ್ಮ ಸರ್ಕಾರಿ ಕಾರ್ಯಕ್ರಮದ ಪ್ರಕಾರ ಹೆರಿಗೆಯ ನಂತರ 180 ದಿನ, ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣಾಂಶ ತೆಗೆದುಕೊಳ್ಳಬೇಕು. ಆಕೆ ಮೂರು ವಾರ ತೆಗೆದುಕೊಂಡು, ಮಲಬದ್ಧತೆಯೆಂದು ಬಿಟ್ಟಿದ್ದರು. ಆ ಮೂರು ವಾರದಲ್ಲಿಯೂ ಮಾತ್ರೆ ನುಂಗಿದ್ದು ಬೆಳಗಿನ ಕಾಫಿಯ ಜೊತೆ. ಕಾಫಿ, ಟೀ, ಹಾಲು ಮೂರೂ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ಬಿಡುವುದಿಲ್ಲ. ತವರಿನಲ್ಲಿ ಸೊಪ್ಪು ‘ಶೀತ’ವೆಂದು ತಟ್ಟೆಯ ಹತ್ತಿರವೂ ಬಂದಿರಲಿಲ್ಲ.

ಇಷ್ಟು ಕೇಳಿದ ಮೇಲೆ ಬರೆದುಕೊಟ್ಟ ಪರೀಕ್ಷೆಗಳು ಕೆಲವೇ: ಪೂರ್ಣ ರಕ್ತಗಣನೆ, ಫೆರಿಟಿನ್, ಟಿಎಸ್‌ಎಚ್ ಮತ್ತು ಫ್ರೀ ಟಿ4, ಇಸಿಜಿ. ಸಸ್ಯಾಹಾರಿಯಾದ್ದರಿಂದ ಬಿ12 ಕೂಡ ಸೇರಿಸಿದೆ. ಇಲ್ಲಿ ಒಂದು ಮಾತು. ಬೆಂಗಳೂರಿನಲ್ಲಿ ಈಗ ಮನೆಗೇ ಬಂದು ರಕ್ತ ತೆಗೆದು ಎಂಬತ್ತು ತೊಂಬತ್ತು ಅಂಕಿಗಳ ವರದಿ ಕಳಿಸುವ ಪ್ಯಾಕೇಜುಗಳಿಗೆ ಬರವಿಲ್ಲ. ಅವುಗಳಲ್ಲಿ ಹಲವು ‘ಸೀರಂ ಐರನ್’ ತೋರಿಸಿ ಫೆರಿಟಿನ್ ಬಿಟ್ಟಿರುತ್ತವೆ. ಸೀರಂ ಐರನ್ ಹಗಲಿಡೀ ಏರಿಳಿಯುತ್ತಲೇ ಇರುತ್ತದೆ, ಬೆಳಿಗ್ಗೆ ನುಂಗಿದ ಮಾತ್ರೆಯಿಂದಲೂ ಬದಲಾಗುತ್ತದೆ. ದೇಹದ ಉಗ್ರಾಣದಲ್ಲಿ ಎಷ್ಟು ಕಬ್ಬಿಣ ಉಳಿದಿದೆ ಎಂದು ಹೇಳುವುದು ಫೆರಿಟಿನ್. ಕೇಳುವುದಾದರೆ ಅದನ್ನು ಹೆಸರಿಟ್ಟು ಕೇಳಬೇಕು. ಅದಕ್ಕೂ ಒಂದು ಮಿತಿ ಇದೆ: ಜ್ವರ, ಸೋಂಕು, ಉರಿಯೂತ ಇದ್ದಾಗ ಅದು ತಾನಾಗಿ ಏರುತ್ತದೆ, ಕೊರತೆಯನ್ನು ಮರೆಮಾಚುತ್ತದೆ. ಹಾಗಾಗಿ ನೆಗಡಿ ಜ್ವರ ಇಳಿದ ಮೇಲೆ ಮಾಡಿಸುವುದು ಒಳ್ಳೆಯದು.

ವರದಿ ಬಂತು. ಹಿಮೋಗ್ಲೋಬಿನ್ 9.1. ಕೆಂಪು ಕಣಗಳ ಸರಾಸರಿ ಗಾತ್ರ 71, ಅಂದರೆ ಸಣ್ಣ ಕಣಗಳು. ಫೆರಿಟಿನ್ 7. ದೊಡ್ಡವರಲ್ಲಿ 15ಕ್ಕಿಂತ ಕಡಿಮೆಯಿದ್ದರೆ ಉಗ್ರಾಣ ಖಾಲಿ ಎಂದೇ ಅರ್ಥ. ಬಿ12 ಸರಿಯಾಗಿತ್ತು. ಇಸಿಜಿಯಲ್ಲಿ ಬಡಿತ ವೇಗವಾಗಿದ್ದರೂ ಲಯ ತಪ್ಪಿರಲಿಲ್ಲ. ರಕ್ತಹೀನತೆಗೆ ಇಷ್ಟು ಸಾಕಿತ್ತು, ಮೂರು ಮಹಡಿ ಹತ್ತಿದರೆ ಎದೆ ಬಡಿದುಕೊಳ್ಳುವುದು ಏಕೆಂದೂ ತಿಳಿಯಿತು. ರಕ್ತದಲ್ಲಿ ಆಮ್ಲಜನಕ ಹೊರುವ ಕಣಗಳು ಕಡಿಮೆಯಾದಾಗ ಹೃದಯ ಅದೇ ಕೆಲಸವನ್ನು ಹೆಚ್ಚು ಸಲ ಬಡಿದು ಪೂರೈಸುತ್ತದೆ.

ಥೈರಾಯ್ಡ್ ವರದಿ ಮಾತ್ರ ನನ್ನನ್ನು ಗೊಂದಲಕ್ಕೆ ಕೆಡವಿತು. ಟಿಎಸ್‌ಎಚ್ 0.01ಕ್ಕಿಂತ ಕಡಿಮೆ, ಥೈರಾಯ್ಡ್ ಹಾರ್ಮೋನು ಹೆಚ್ಚಾದಷ್ಟೂ ಇಳಿಯುವ ಅಂಕಿ ಇದು. ಆ ಹಾರ್ಮೋನನ್ನೇ ಅಳೆಯುವ ಫ್ರೀ ಟಿ4 5.2, ಆ ಪ್ರಯೋಗಾಲಯದ ಮೇಲ್ಮಿತಿ 1.7. ಅಂದರೆ ಮೂರು ಪಟ್ಟು. ಇಷ್ಟು ಹಾರ್ಮೋನು ನಿಜವಾಗಿ ಇದ್ದರೆ ಆಕೆ ಇನ್ನೂ ಬಹಳ ಹೆಚ್ಚು ಅಸ್ವಸ್ಥರಾಗಿರಬೇಕಿತ್ತು. ಕಾಗದದ ಮೇಲಿದ್ದ ರೋಗಿ ನನ್ನ ಮುಂದೆ ಕುಳಿತ ರೋಗಿಗಿಂತ ಹೆಚ್ಚು ಕಾಯಿಲೆಯವರಾಗಿದ್ದರು. ಹೀಗಾದಾಗ ಮೊದಲು ಕಾಗದವನ್ನೇ ಅನುಮಾನಿಸಬೇಕು ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು.

“ಕೂದಲು ಉದುರುತ್ತಿದೆಯೇ?” ಎಂದು ಕೇಳಿದೆ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೆ ಹಲವರಿಗೆ ಉದುರುತ್ತದೆ. ಆಕೆಯ ಕಣ್ಣು ಅಗಲವಾಯಿತು. “ಹಿಡಿ ಹಿಡಿಯಾಗಿ. ಅದಕ್ಕೇ ಮಾತ್ರೆ ತರಿಸಿಕೊಂಡಿದ್ದೇನೆ.” ಮರುದಿನ ಡಬ್ಬಿಯ ಚಿತ್ರವನ್ನು ಮೊಬೈಲ್‌ನಲ್ಲಿ ಕಳಿಸಿದರು: ಬಯೋಟಿನ್, ದಿನಕ್ಕೆ 10 ಮಿಲಿಗ್ರಾಂ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಹಾಲೂಡಿಸುವ ತಾಯಿಗೆ ಅದಕ್ಕಿಂತ ಚೂರು ಹೆಚ್ಚು, ಅಷ್ಟೇ.

ಬಯೋಟಿನ್ ಥೈರಾಯ್ಡನ್ನು ಏನೂ ಮಾಡುವುದಿಲ್ಲ. ಅದು ಕೆಡಿಸುವುದು ಪರೀಕ್ಷೆಯನ್ನು. ಹಲವು ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನನ್ನು ಹಿಡಿದು ನಿಲ್ಲಿಸಲು ಬಯೋಟಿನ್ನನ್ನೇ ಅಂಟಿನಂತೆ ಬಳಸುತ್ತವೆ. ರೋಗಿಯ ರಕ್ತದಲ್ಲಿಯೇ ಬಯೋಟಿನ್ ತುಂಬಿ ತುಳುಕುತ್ತಿದ್ದರೆ ಅಂಟಿಕೊಳ್ಳುವ ಜಾಗವನ್ನೆಲ್ಲ ಅದು ಮೊದಲೇ ಆಕ್ರಮಿಸಿಬಿಡುತ್ತದೆ. ಟಿಎಸ್‌ಎಚ್ ಪರೀಕ್ಷೆಯ ವಿನ್ಯಾಸದಲ್ಲಿ ಇದರಿಂದ ಅಂಕಿ ಸುಳ್ಳಾಗಿ ಇಳಿಯುತ್ತದೆ. ಫ್ರೀ ಟಿ4 ಪರೀಕ್ಷೆಯ ವಿನ್ಯಾಸ ಬೇರೆ, ಅಲ್ಲಿ ಅಂಕಿ ಸುಳ್ಳಾಗಿ ಏರುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಥೈರಾಯ್ಡ್ ಉಕ್ಕಿ ಹರಿಯುತ್ತಿರುವಂತೆ ಕಾಣುತ್ತದೆ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯನ್ನು ಗುರುತಿಸುವ ಪ್ರತಿಕಾಯದ ಪರೀಕ್ಷೆಯನ್ನೂ ಇದೇ ರೀತಿ ಹಾದಿ ತಪ್ಪಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿಯೇ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹಾಗಿದ್ದೂ ರಕ್ತ ತೆಗೆಯುವ ಹುಡುಗ ‘ಖಾಲಿ ಹೊಟ್ಟೆಯೇ?’ ಎಂದು ಕೇಳುತ್ತಾನೆಯೇ ಹೊರತು ‘ಕೂದಲಿನ ಮಾತ್ರೆ ಇದೆಯೇ?’ ಎಂದು ಕೇಳುವುದನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ಮಾತ್ರೆ ನಿಲ್ಲಿಸಿ, ಮೂರು ದಿನ ಬಿಟ್ಟು ಮತ್ತೆ ರಕ್ತ ತೆಗೆಸಿದೆವು. ಎಲ್ಲವೂ ಸುಳ್ಳೆಂದು ಬರುತ್ತದೆ ಎಂದು ನಾನು ಅರ್ಧ ನಿರೀಕ್ಷಿಸಿದ್ದೆ. ಹಾಗಾಗಲಿಲ್ಲ. ಟಿಎಸ್‌ಎಚ್ 0.03, ಫ್ರೀ ಟಿ4 2.3. ಬೆಟ್ಟ ಕರಗಿತ್ತು, ಗುಡ್ಡ ಉಳಿದಿತ್ತು. ಬೆಚ್ಚಗಿನ ಅಂಗೈಯೂ ನಿದ್ದೆಯ ನಾಡಿಯೂ ಸುಳ್ಳು ಹೇಳಿರಲಿಲ್ಲ.

ಇನ್ನು ಉಳಿದದ್ದು, ಹಾರ್ಮೋನು ಹೆಚ್ಚಾದದ್ದು ಹೇಗೆ ಎಂಬ ಪ್ರಶ್ನೆ. ಗ್ರೇವ್ಸ್‌ನಲ್ಲಿ ಗ್ರಂಥಿ ಅತಿಯಾಗಿ ತಯಾರಿಸುತ್ತದೆ, ಅದನ್ನು ತಡೆಯಲು ಕಾರ್ಬಿಮಜೋಲ್‌ನಂಥ ಮಾತ್ರೆ ಬೇಕು. ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತದಲ್ಲಿ ಗ್ರಂಥಿ ಹೆಚ್ಚು ತಯಾರಿಸುವುದೇ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆ ಗ್ರಂಥಿಗೆ ಪೆಟ್ಟು ಕೊಟ್ಟು, ಮೊದಲೇ ಕೂಡಿಟ್ಟಿದ್ದ ಹಾರ್ಮೋನು ಸೋರಿ ಹೊರಬರುತ್ತದೆ. ಒಡೆದ ತೊಟ್ಟಿಗೆ ನಲ್ಲಿ ತಿರುಗಿಸಿ ಪ್ರಯೋಜನವಿಲ್ಲ, ಕಾರ್ಬಿಮಜೋಲ್ ಅಲ್ಲಿ ಕೆಲಸ ಮಾಡುವುದಿಲ್ಲ. ಆಕೆಯಲ್ಲಿ ಗ್ರೇವ್ಸ್‌ನ ಪ್ರತಿಕಾಯ ಇರಲಿಲ್ಲ, ಕಣ್ಣುಗುಡ್ಡೆ ಮುಂದೆ ಬಂದಿರಲಿಲ್ಲ, ಗ್ರಂಥಿ ತುಸು ಊದಿದ್ದರೂ ಒತ್ತಿದರೆ ನೋವಿರಲಿಲ್ಲ. ರಕ್ಷಣಾ ವ್ಯವಸ್ಥೆ ಗ್ರಂಥಿಯ ಮೇಲೆ ತಿರುಗಿಬಿದ್ದುದರ ಗುರುತಾದ ಟಿಪಿಒ ಪ್ರತಿಕಾಯ ಬಹಳ ಹೆಚ್ಚಿತ್ತು. ಹಾಲೂಡಿಸುತ್ತಿದ್ದರಿಂದ ವಿಕಿರಣದ ಸ್ಕ್ಯಾನ್ ಗೋಜಿಗೆ ಹೋಗಲಿಲ್ಲ. ಸೋರಿಕೆ ಕೆಲವು ವಾರಗಳಲ್ಲಿ ತಾನಾಗಿ ನಿಲ್ಲುತ್ತದೆ ಎಂದು ಹೇಳಿ, ಆಸ್ತಮಾ ಇಲ್ಲವೆಂದು ಖಚಿತಪಡಿಸಿಕೊಂಡು, ಬಡಿತ ಮತ್ತು ನಡುಕ ತಗ್ಗಿಸಲು ಪ್ರೊಪ್ರನಲೋಲ್ 10 ಮಿಲಿಗ್ರಾಂ ದಿನಕ್ಕೆರಡು ಬಾರಿ ಕೊಟ್ಟೆ.

ಅತ್ತೆಗೆ ಮಾತ್ರ ಬೇರೆ ಅನುಮಾನವಿತ್ತು. “ಸಕ್ಕರೆ ಕಡಿಮೆಯಾಗುತ್ತದೆ ಡಾಕ್ಟರೇ, ರಸ ಕುಡಿದ ಕೂಡಲೇ ಸರಿಹೋಗುತ್ತಾಳೆ” ಎಂದರು. ಅದು ಅಲ್ಲಗಳೆಯುವ ಮಾತಲ್ಲ. ಸಕ್ಕರೆ ಇಳಿದಾಗ ಬರುವ ನಡುಕ, ಬೆವರು, ಎದೆಬಡಿತ ಎಲ್ಲವನ್ನೂ ತರುವುದು ಗಾಬರಿಯಲ್ಲಿ ಸುರಿಯುವ ಅದೇ ಅಡ್ರಿನಲಿನ್. ಆದರೆ ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಇದನ್ನು ಒಪ್ಪಲು ಮೂರು ಸಂಗತಿ ಒಟ್ಟಿಗೆ ಬೇಕು: ಲಕ್ಷಣ ಇರಬೇಕು, ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ 55ಕ್ಕಿಂತ ಕೆಳಗಿರಬೇಕು, ಸಕ್ಕರೆ ಏರಿದಾಗ ಲಕ್ಷಣ ಹೋಗಬೇಕು. ರಸ ಕುಡಿದು ಸರಿಹೋದದ್ದು ಮೂರನೆಯದು ಮಾತ್ರ, ಅದೂ ಗಟ್ಟಿಯಲ್ಲ. ರಸ ಕುಡಿಯುವವರು ಹತ್ತು ನಿಮಿಷ ಕೂರುತ್ತಾರೆ, ಕುಳಿತರೆ ಪ್ಯಾನಿಕ್ ಕೂಡ ಇಳಿಯುತ್ತದೆ, ರಕ್ತಹೀನರ ಬಡಿತವೂ ಇಳಿಯುತ್ತದೆ.

ಮನೆಯಲ್ಲಿ ಗ್ಲುಕೋಮೀಟರ್ ಇತ್ತು, ಅತ್ತೆಗೆ ಸಕ್ಕರೆ ಕಾಯಿಲೆ. ಮುಂದಿನ ಸಲ ಹೀಗಾದಾಗ ರಸ ಕೊಡುವ ಮೊದಲು ಕೈ ತೊಳೆದು ಒರೆಸಿ, ಬೆರಳು ಚುಚ್ಚಿ ಅಂಕಿ ನೋಡಿ ಎಂದೆ. ಹಣ್ಣು ಮುಟ್ಟಿದ ಬೆರಳಾದರೆ ಯಂತ್ರ ಹೆಚ್ಚು ತೋರಿಸುತ್ತದೆ. ಹತ್ತು ದಿನದ ನಂತರ ಯಂತ್ರವನ್ನೇ ತಂದರು. ಅದರ ನೆನಪಿನ ಪಟ್ಟಿಯಲ್ಲಿ ಒಂದೊಂದಾಗಿ ಹಿಂದೆ ಹೋದೆವು. 88, 94, 79, 91: ಎಲ್ಲವೂ ಆಕೆ ನಡುಗುತ್ತಿದ್ದಾಗ ತೆಗೆದವು, ಯಾವುದೂ ಕಡಿಮೆಯಲ್ಲ. ಸಕ್ಕರೆಯ ಅನುಮಾನ ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ 52 ಎಂಬ ಅಂಕಿ ಕಂಡಿತು. ಸಮಯ ಬೆಳಗಿನ ಜಾವ 4:40.

“ಇದು ನನ್ನದಲ್ಲ” ಎಂದರು ಆಕೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನದು” ಎಂದರು. ಹಿಂದಿನ ದಿನ ಏಕಾದಶಿ. ಗ್ಲಿಮೆಪಿರೈಡ್ ಮಾತ್ರೆಯನ್ನು ತಪ್ಪಿಸಬಾರದೆಂದು ನುಂಗಿ, ಊಟ ಬಿಟ್ಟು, ಒಂದು ಬಾಳೆಹಣ್ಣು ತಿಂದು ಮಲಗಿದ್ದರು. ಜಾವದಲ್ಲಿ ಮೈಯೆಲ್ಲ ಬೆವೆತು ಎದೆ ನಡುಗಿ ಎಚ್ಚರವಾಗಿ, ಚುಚ್ಚಿ ನೋಡಿ, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ಮಲಗಿದ್ದರು. “ಸೊಸೆಯ ಗಾಬರಿ ನೋಡಿ ನೋಡಿ ನನಗೂ ಅಂಟಿಕೊಂಡಿದೆ ಎಂದುಕೊಂಡೆ.” ಆ ಮನೆಯಲ್ಲಿ ನಿಜವಾಗಿ ಸಕ್ಕರೆ ಇಳಿಯುತ್ತಿದ್ದದ್ದು ಅವರಿಗೆ. ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳು ತಿಂದಿದ್ದಾರೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತವೆ. ವಯಸ್ಸಾದವರಲ್ಲಿ ಈ ಇಳಿತ ಅಪಾಯಕರ, ಬೆಲ್ಲ ತಿಂದು ಮಲಗಿಬಿಟ್ಟರೆ ಮತ್ತೆ ಇಳಿಯಬಹುದು. ಅವರ ಸಕ್ಕರೆ ವೈದ್ಯರಿಗೆ ಅಂದೇ ಫೋನ್ ಮಾಡಿ ಆ ಮಾತ್ರೆಯನ್ನು ಬದಲಿಸಿದೆವು. ಸೊಸೆಯ ಪ್ರೊಪ್ರನಲೋಲ್ ಡಬ್ಬಿಯನ್ನು ಅತ್ತೆ ಮುಟ್ಟಬಾರದೆಂದೂ ಹೇಳಿದೆ. ನಮ್ಮ ಮನೆಗಳಲ್ಲಿ ಮಾತ್ರೆಗಳು ಉಪ್ಪಿನಕಾಯಿಯಂತೆ ಹಂಚಿಕೆಯಾಗುತ್ತವೆ, ಈ ಮಾತ್ರೆ ಸಕ್ಕರೆ ಇಳಿದಾಗಿನ ನಡುಕ ಮತ್ತು ಬಡಿತವನ್ನು ಅಡಗಿಸಿ, ಎಚ್ಚರಿಕೆಯ ಗಂಟೆಯನ್ನೇ ನಿಲ್ಲಿಸುತ್ತದೆ.

ಸೊಸೆಗೆ ಕಬ್ಬಿಣಾಂಶದ ಮಾತ್ರೆಯನ್ನು ಮತ್ತೆ ಶುರುಮಾಡಿದೆವು. ಈ ಬಾರಿ ಒಂದು ದಿನ ಬಿಟ್ಟು ಒಂದು ದಿನ, ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಮೊದಲು, ನಿಂಬೆಹಣ್ಣಿನ ಪಾನಕದೊಂದಿಗೆ. ದಿನ ಬಿಟ್ಟು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚು, ಹೊಟ್ಟೆಯ ಕಾಟ ಕಡಿಮೆ. ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10.3 ಆಯಿತು. ಏರದೇ ಹೋಗಿದ್ದರೆ ಥಲಸ್ಸೀಮಿಯಾ ಅಂಶ ಇದೆಯೇ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕಾಗುತ್ತಿತ್ತು. ನಡುಕ ನಿಂತಿತು, ಎರಡು ತಿಂಗಳಲ್ಲಿ ಪ್ರೊಪ್ರನಲೋಲ್ ಕೂಡ ನಿಂತಿತು. ಎಸಿಟಲೋಪ್ರಾಮನ್ನು ಮಾತ್ರ ನಾನು ಮುಟ್ಟಲಿಲ್ಲ. ಅದನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬೇರೆ ಶುರುವಾಗುತ್ತದೆ. ಅಲ್ಲದೆ ಆಕೆಯಲ್ಲಿ ಆತಂಕ ಇರಲೇ ಇಲ್ಲವೆಂದು ನನಗೆ ಅನ್ನಿಸಲಿಲ್ಲ. ನಾಡಿ 80ಕ್ಕೆ ಇಳಿದ ಮೇಲೂ ಮಗುವನ್ನು ಒಬ್ಬರೇ ಎತ್ತಿಕೊಂಡು ಮೆಟ್ಟಿಲು ಇಳಿಯಲು ಹೆದರುತ್ತಿದ್ದರು. ತಿಂಗಳುಗಟ್ಟಲೆ ದೇಹ ಕಲಿಸಿದ ಭಯ ಅದು. ಮನೋವೈದ್ಯರ ಬಳಿ ಕಳಿಸಿದೆ, ಅವರು ಮಾತಿನ ಚಿಕಿತ್ಸೆ ಶುರುಮಾಡಿ, ಮಾತ್ರೆಯನ್ನು ಆಮೇಲೆ ನಿಧಾನವಾಗಿ ಇಳಿಸಿದರು.

ಮಗುವಿಗೆ ಏಳೂವರೆ ತಿಂಗಳು. ರಜೆ ಮುಗಿದು ಆಕೆ ಕೆಲಸಕ್ಕೆ ಹೋಗತೊಡಗಿದ್ದರು, ರಾಜಾಜಿನಗರದಿಂದ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಎಂ.ಜಿ. ರಸ್ತೆಗೆ. ಈಗ ಮನೆಯವರ ದೂರು ತಿರುಗುಮುರುಗಾಗಿತ್ತು. ಗಾಬರಿಯಿಲ್ಲ, ಆದರೆ ಸದಾ ಮಂಕು, ಸಣ್ಣದಕ್ಕೆಲ್ಲ ಅಳು, ಮೆಟ್ರೋದಲ್ಲಿ ಕುಳಿತಲ್ಲೇ ನಿದ್ದೆ. “ಕೆಲಸಕ್ಕೆ ಸೇರಿದ್ದರಿಂದ ಖಿನ್ನತೆ ಬಂದಿದೆ” ಎಂದು ಗಂಡ ತೀರ್ಮಾನಿಸಿದ್ದರು. ಸೋರಿಕೆಯ ಹಂತ ಮುಗಿದ ಮೇಲೆ ಖಾಲಿ ಹಂತ ಬರಬಹುದೆಂದು ನಾನು ಪ್ರತಿ ಆರು ವಾರಕ್ಕೆ ಟಿಎಸ್‌ಎಚ್ ನೋಡಲು ಹೇಳಿದ್ದೆ, ಒಂದು ಸಲ ತಪ್ಪಿಸಿಕೊಂಡಿದ್ದರು. ಈಗ ಟಿಎಸ್‌ಎಚ್ 22, ಫ್ರೀ ಟಿ4 0.6. ಹಾರ್ಮೋನು ಈಗ ಸಾಲದಾಗಿತ್ತು. ಅದನ್ನು ತುಂಬಿಕೊಡಲು ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು, ಇಲ್ಲವಾದರೆ ಕಬ್ಬಿಣ ಇದನ್ನು ಹಿಡಿದಿಟ್ಟುಕೊಂಡು ಹೀರಲು ಬಿಡುವುದಿಲ್ಲ. ಎರಡೂ ಹಾಲೂಡಿಸುವ ತಾಯಿಗೆ ಸುರಕ್ಷಿತ.

ಮಗುವಿಗೆ ಒಂದು ವರ್ಷ ಎರಡು ತಿಂಗಳಾದಾಗ ಲೆವೊಥೈರಾಕ್ಸಿನ್ನನ್ನು ಅರ್ಧಕ್ಕೆ ಇಳಿಸಿದೆವು, ಆರು ವಾರಕ್ಕೆ ಟಿಎಸ್‌ಎಚ್ 3.4. ಪೂರ್ತಿ ನಿಲ್ಲಿಸಿ ನೋಡುವುದು ಇನ್ನೂ ಬಾಕಿ ಇದೆ. ಕೆಲವರಿಗೆ ಈ ಕೊರತೆ ಶಾಶ್ವತವಾಗಿ ಉಳಿಯುತ್ತದೆ. ಉಳಿಯದಿದ್ದರೂ ವರ್ಷಕ್ಕೊಮ್ಮೆ ನೋಡಬೇಕು, ಮತ್ತೆ ಬಸುರಾದರೆ ಮೊದಲ ತಿಂಗಳಲ್ಲಿಯೇ ಹೇಳಬೇಕೆಂದು ಅವರ ಕಡತದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅಂದು ಫೆರಿಟಿನ್ 41 ಇತ್ತು. ಅತ್ತೆ ಹೊರಗೆ ಮಗುವನ್ನು ಆಡಿಸುತ್ತಿದ್ದಾಗ ತಗ್ಗಿದ ದನಿಯಲ್ಲಿ ಅಕ್ಕಿಯ ಬಗ್ಗೆ ಕೇಳಿದೆ.

“ಮಾತ್ರೆ ಶುರುಮಾಡಿ ಎರಡು ವಾರಕ್ಕೇ ಬಿಟ್ಟುಹೋಯಿತು” ಎಂದು ನಕ್ಕರು. “ಈಗ ಆ ಡಬ್ಬಿ ತೆಗೆದರೆ ಅದರ ವಾಸನೆಯೇ ಆಗುವುದಿಲ್ಲ.”